ನಾನೂರು ಜಿಬಿಯ ಆಟ ಮತ್ತು ಒಂದು ಇಮೇಲ್

ಮಾಸ್ತರರು ಕಳಿಸಿದ ಮೊದಲ ಲಿಂಕ್ ಒತ್ತಿದೊಡನೆ ತೆರೆಯಿತು, ವಿಡಿಯೋ ಓಡಿತು, ಚಂಡೆಯ ಸದ್ದೂ ಚೆನ್ನಾಗಿ ಕೇಳಿಸಿತು. ಆದರೆ ಅದನ್ನು ಇಳಿಸಿಕೊಳ್ಳುವ ಗುಂಡಿ ಎಲ್ಲೂ ಕಾಣಲಿಲ್ಲ. ಫೋನ್ ಮಾಡಿದೆ. "ನಮ್ಮಲ್ಲಿ ಸರಿಯಾಗೇ ಓಡ್ತಾ ಇದೆಯಲ್ಲ ತಮ್ಮ, ನಿಮ್ಮ ಇಂಟರ್ನೆಟ್ ನಿಧಾನವಾ?" ಎಂದು ಕೇಳಿದರು. ಅವರ ಮಟ್ಟಿಗೆ ಕೆಲಸ ಮುಗಿದಿತ್ತು. ನೋಡಲು ಬರುವ ಲಿಂಕ್ ಬೇರೆ, ಕೆಲಸಕ್ಕೆ ಬರುವ ಲಿಂಕ್ ಬೇರೆ ಎನ್ನುವುದು ಅವರಿಗೆ ಗೊತ್ತಿರಬೇಕಾದ ಸಂಗತಿಯೂ ಅಲ್ಲ. ಅದನ್ನು ತಿಳಿಸಿ ಹೇಳುವುದು ಎಡಿಟರ್ ಆದ ನನ್ನ ಕೆಲಸ.

ಅವರು ಉತ್ತರ ಕನ್ನಡದ ಒಂದು ಊರಿನವರು, ನಿವೃತ್ತ ಶಿಕ್ಷಕರು, ಅಲ್ಲಿನ ಯಕ್ಷಗಾನ ಸಂಘದ ಕಾರ್ಯದರ್ಶಿ. ಊರಿನ ಹಿರಿಯ ವೇಷಧಾರಿಯೊಬ್ಬರ ಸನ್ಮಾನಕ್ಕೆ ಮೂರು ತಾಸಿನ ಕಾಲಮಿತಿ ಆಟ ಆಡಿಸಿ, ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಣ ಮಾಡಿಸಿದ್ದರು. ನಡುವಿನದು ಇಡೀ ರಂಗಸ್ಥಳಕ್ಕೆ, ಎರಡನೆಯದು ಭಾಗವತರು, ಮದ್ದಲೆ, ಚಂಡೆ ಇರುವ ಹಿಮ್ಮೇಳಕ್ಕೆ, ಮೂರನೆಯದು ವೇಷಗಳ ಮುಖಭಾವಕ್ಕೆ. ಅದನ್ನೆಲ್ಲ ಹೊಂದಿಸಿ ಒಂದು ವಿಡಿಯೋ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ನಾನಿರುವುದು ಬೆಂಗಳೂರಿನಲ್ಲಿ.

ಲಿಂಕ್‌ನಲ್ಲಿದ್ದ ಫೈಲ್ ಯಾವುದೆಂದು ವಿಚಾರಿಸಿದಾಗ ವಿಷಯ ಗೊತ್ತಾಯಿತು. ಕ್ಯಾಮೆರಾದವರ ಸಹಾಯಕ, ನನಗೆ ಅನುಕೂಲವಾಗಲಿ ಎಂದೇ, ನಡುವಿನ ಕ್ಯಾಮೆರಾದ ತುಣುಕುಗಳನ್ನೆಲ್ಲ ಜೋಡಿಸಿ ಒಂದೇ ಫೈಲ್ ಮಾಡಿ ಗೂಗಲ್ ಡ್ರೈವ್‌ಗೆ ಏರಿಸಿದ್ದ. ಮೂರು ತಾಸು, ಒಂಬತ್ತು ಜಿಬಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಏಳು ಮೆಗಾಬಿಟ್‌ಗೂ ಕಡಿಮೆ. ಅವರ ಸೋನಿ ಕ್ಯಾಮೆರಾ ಬರೆದುಕೊಂಡಿದ್ದು ಸೆಕೆಂಡಿಗೆ 100 ಮೆಗಾಬಿಟ್. ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯಲ್ಲಿ ಹದಿನೈದನೇ ಒಂದು ಪಾಲು ಮಾತ್ರ ಉಳಿದಿತ್ತು. ಮಾತಿನ ಸನ್ನಿವೇಶದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ವೇಷ ನಿಂತಲ್ಲೇ ನಿಂತಿರುತ್ತದೆ, ಹಿಂದಿನ ಪರದೆ ಅಲುಗುವುದಿಲ್ಲ. ವೇಷ ಮಂಡಿ ಹಾಕಿ ಸುತ್ತತೊಡಗಿತು ನೋಡಿ, ಆಗ ಚಿತ್ರ ಒಡೆಯಿತು. ಎದೆಕಟ್ಟಿನ ಹೊಳಪು, ಕೆಂಪು-ಕಪ್ಪು ಚೌಕುಳಿಯ ಸೀರೆಯ ಅಂಚು ಎಲ್ಲ ಕಲಸಿ ಚಿಕ್ಕ ಚಿಕ್ಕ ಚೌಕಗಳಾದವು. ಇಷ್ಟು ಹಿಂಡಿದ ಫೈಲಿನಲ್ಲಿ ಬಣ್ಣ ತಿದ್ದಲು ಹೋದರೆ ಆ ಚೌಕಗಳೇ ಎದ್ದು ಕಾಣುತ್ತವೆ. ಮೇಲಾಗಿ, ತುಣುಕುಗಳನ್ನು ಜೋಡಿಸುವಾಗ ಪ್ರತಿಯೊಂದರ ಮೂಲ ಸಮಯದ ಗುರುತು ಅಳಿಸಿಹೋಗಿತ್ತು. ಮೂರು ಕ್ಯಾಮೆರಾಗಳನ್ನು ಒಂದಕ್ಕೊಂದು ಹೊಂದಿಸುವಾಗ ಆ ಗುರುತು ತುಂಬ ಉಪಯೋಗಕ್ಕೆ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅರ್ಧ ಕ್ಯಾಮೆರಾದವರಿಗೆ ಮುಟ್ಟುತ್ತದೆ, ಅರ್ಧ ಮಾಸ್ತರರಲ್ಲೇ ಉಳಿಯುತ್ತದೆ. ವಾಟ್ಸಾಪ್‌ನಲ್ಲಿ ಬರೆದರೆ ನಾಲ್ಕು ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಹಾಗಾಗಿ ಕೂತು ಇಮೇಲ್ ಬರೆದೆ. ಮಾಸ್ತರರು ಅದನ್ನು ಹಾಗೆಯೇ ಕ್ಯಾಮೆರಾದವರಿಗೆ ದಾಟಿಸಬಹುದು, ಅವರ ಸಹಾಯಕ ಲ್ಯಾಪ್‌ಟಾಪಿನ ಪಕ್ಕ ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಹಂತ ಮಾಡಬಹುದು ಎನ್ನುವಂತೆ ಇರಬೇಕಿತ್ತು. ಬರೆದದ್ದು ಹೀಗೆ:

"ಮಾಸ್ತರರಿಗೆ ನಮಸ್ಕಾರ. ಲಿಂಕ್ ಸಿಕ್ಕಿತು, ಆಟ ನೋಡಿದೆ, ಬೆಳಕು ಚೆನ್ನಾಗಿದೆ. ಆದರೆ ಎಡಿಟಿಂಗ್‌ಗೆ ನನಗೆ ಬೇಕಾಗಿರುವುದು ಕ್ಯಾಮೆರಾದ ಕಾರ್ಡ್‌ಗಳಲ್ಲಿರುವ ಮೂಲ ಫೈಲ್‌ಗಳು. ಜೋಡಿಸುವುದು, ಚಿಕ್ಕದು ಮಾಡುವುದು, ಹೆಸರು ಬದಲಿಸುವುದು ಯಾವುದೂ ಬೇಡ. ಮೂರು ಕ್ಯಾಮೆರಾ ಸೇರಿ ಸುಮಾರು 400 ಜಿಬಿ ಆಗಬಹುದು.

"ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿ ಇದಕ್ಕೆ ಸಾಲುವುದಿಲ್ಲ. ಸಂಘದ ಖಾತೆಗೆ ಒಂದು ತಿಂಗಳ ಮಟ್ಟಿಗೆ 2 ಟಿಬಿ ಜಾಗ ತೆಗೆದುಕೊಳ್ಳಿ, ಅದರ ಹಣವನ್ನು ನನ್ನ ಬಿಲ್ಲಿನಲ್ಲಿ ಕಳೆದುಕೊಳ್ಳಿ. ಅದರಲ್ಲಿ AATA_RAW ಎಂಬ ಫೋಲ್ಡರ್ ಮಾಡಿ. ಅದರೊಳಗೆ ಕಾರ್ಡಿಗೊಂದು ಫೋಲ್ಡರ್: A_CARD1, A_CARD2, B_CARD1, ಹೀಗೆ. ಧ್ವನಿ ಮುದ್ರಿಸಿದ ರೆಕಾರ್ಡರ್‌ನ ಫೈಲ್‌ಗಳಿಗೆ AUDIO. ಕಾರ್ಡಿನಲ್ಲಿರುವ PRIVATE ಫೋಲ್ಡರನ್ನು ಬಿಚ್ಚದೆ ಇಡಿಯಾಗಿ ಆಯಾ ಫೋಲ್ಡರಿಗೆ ಹಾಕಿ.

"ಮೊದಲು ಎಲ್ಲವನ್ನೂ ಏರಿಸಬೇಡಿ. ಒಂದು ಚಿಕ್ಕ ತುಣುಕು ಮಾತ್ರ ಹಾಕಿ, ಫೋಲ್ಡರನ್ನು ಈ ಇಮೇಲ್ ವಿಳಾಸಕ್ಕೆ ಹಂಚಿ. ನೋಡುವವರು ಡೌನ್‌ಲೋಡ್ ಮಾಡಬಹುದು ಎಂಬ ಆಯ್ಕೆಗೆ ಟಿಕ್ ಇರಲಿ. ನಾನು ನೋಡಿ ಸರಿ ಎಂದ ಮೇಲೆ ಉಳಿದದ್ದು. ಪ್ರತಿ ಕಾರ್ಡ್ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ Properties ತೆರೆದು ಅದರ ಫೋಟೋ ಕಳಿಸಿ. ನಾನು 'ಎಲ್ಲ ಬಂತು' ಎಂದು ಬರೆಯುವವರೆಗೆ ಕಾರ್ಡ್‌ಗಳನ್ನೂ ಹಾರ್ಡ್ ಡಿಸ್ಕನ್ನೂ ಯಾರೂ ಅಳಿಸದಂತೆ ನೋಡಿಕೊಳ್ಳಿ."

ಇದರಲ್ಲಿ ಜಾಗದ ಮಾತು ಯಾಕೆ ಬಂತೆಂದು ಹೇಳಬೇಕು. ನನ್ನ ಬಳಿ ಡ್ರೈವ್‌ನಲ್ಲಿ ಬೇಕಾದಷ್ಟು ಜಾಗವಿದೆ. ನನ್ನದೇ ಫೋಲ್ಡರ್ ಒಂದನ್ನು ಅವರಿಗೆ ತೆರೆದುಕೊಟ್ಟು "ಇದಕ್ಕೆ ಹಾಕಿ" ಎಂದರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಸಾಮಾನ್ಯ ಖಾತೆಗಳಲ್ಲಿ ಯಾರು ಏರಿಸುತ್ತಾರೋ ಫೈಲ್ ಅವರದ್ದಾಗುತ್ತದೆ, ಲೆಕ್ಕವೂ ಅವರ ಖಾತೆಯ ಜಾಗದಲ್ಲೇ ಹಿಡಿಯುತ್ತದೆ, ಫೋಲ್ಡರ್ ಯಾರದ್ದೇ ಇರಲಿ. 15 ಜಿಬಿಯ ಖಾತೆಯಿಂದ ಏರಿಸಲು ಹೊರಟರೆ ಮೊದಲ ದೊಡ್ಡ ತುಣುಕಿನಲ್ಲೇ ಜಾಗ ಮುಗಿದು ನಿಲ್ಲುತ್ತದೆ. ಆ ಜಾಗವನ್ನು ಅವರ ಜಿಮೇಲ್ ಕೂಡ ಹಂಚಿಕೊಂಡಿರುವುದರಿಂದ ಬರುವ ಮೇಲ್‌ಗಳೂ ನಿಂತುಹೋಗಬಹುದು.

ಕಾರ್ಡಿಗೊಂದು ಫೋಲ್ಡರ್ ಎಂದು ಒತ್ತಿ ಹೇಳಿದ್ದಕ್ಕೂ ಕಾರಣವಿದೆ. ಈ ಕ್ಯಾಮೆರಾಗಳಲ್ಲಿ ತುಣುಕಿನ ಹೆಸರು C0001.MP4, C0002.MP4 ಎಂದು ಶುರುವಾಗುತ್ತದೆ. ಮೂರು ಕ್ಯಾಮೆರಾ ಎಂದರೆ ಮೂರು C0001.MP4. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಕಂಪ್ಯೂಟರ್ ಹಳೆಯದನ್ನು ಬದಲಿಸಲೇ ಎಂದು ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಕೂತವರು "ಹೂಂ" ಎಂದು ಒತ್ತಿದರೆ ಭಾಗವತರ ಮೇಲೆ ವೇಷಧಾರಿ ಕೂತುಬಿಡುತ್ತಾರೆ. ಇನ್ನು PRIVATE ಫೋಲ್ಡರಿನ ಒಳಗೆ M4ROOT, ಅದರೊಳಗೆ CLIP ಇರುತ್ತದೆ. ಅಲ್ಲಿ ಪ್ರತಿ ವಿಡಿಯೋ ಜೊತೆಗೆ ಅದೇ ಹೆಸರಿನಿಂದ ಶುರುವಾಗುವ, ಅದರ ವಿವರ ಬರೆದಿರುವ ಒಂದು ಪುಟ್ಟ XML ಫೈಲ್ ಇರುತ್ತದೆ. ಕೆಲವೇ ಕೆಬಿ ತೂಕದ್ದು, ಬೇಡದ ಕಸ ಎಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಈ ಸಲ ನಮ್ಮನ್ನು ಕಾಪಾಡಿದ್ದು ಅದೇ.

ಮೇಲ್ ಓದಿದ ಮಾಸ್ತರರು ಮೊದಲು ಕೇಳಿದ್ದು, "ಹಾರ್ಡ್ ಡಿಸ್ಕನ್ನೇ ಕೊರಿಯರ್ ಮಾಡಿದರೆ ಆಗುವುದಿಲ್ಲವೇ?" ನ್ಯಾಯವಾದ ಪ್ರಶ್ನೆ. ಫೂಟೇಜ್ ಒಂದು ಟಿಬಿ ದಾಟಿದರೆ ನಾನೇ ಡಿಸ್ಕ್ ಕಳಿಸಿ ಎನ್ನುತ್ತೇನೆ. ಇಲ್ಲಿ ತೊಂದರೆ ಬೇರೆ ಇತ್ತು. ಕ್ಯಾಮೆರಾದವರಿಗೆ ಆ ವಾರ ಮದುವೆಯೊಂದರ ಕೆಲಸವಿತ್ತು, ಕಾರ್ಡ್‌ಗಳು ಅವರಿಗೆ ವಾಪಸ್ ಬೇಕಿದ್ದವು. ಕಾರ್ಡ್ ಅಳಿಸಿದ ಮೇಲೆ ಉಳಿಯುವುದು ಒಂದೇ ಡಿಸ್ಕ್. ಇರುವ ಒಂದೇ ಪ್ರತಿಯನ್ನು ಬಸ್ಸು, ಗೋಡೌನು, ಮಳೆ ದಾಟಿ ಬರಲು ಬಿಡುವ ಧೈರ್ಯ ನನಗಿರಲಿಲ್ಲ. ಆ ಹಿರಿಯರು ಇನ್ನೊಮ್ಮೆ ಅದೇ ವೇಷ ಕಟ್ಟುವುದಿಲ್ಲ. ಲಿಂಕ್ ಮೂಲಕವಾದರೆ ಡಿಸ್ಕ್ ಊರಲ್ಲೇ ಇರುತ್ತದೆ, ಡ್ರೈವ್‌ನಲ್ಲಿ ಒಂದು, ನನ್ನಲ್ಲಿ ಒಂದು ಪ್ರತಿಯಾಗುತ್ತದೆ.

ಸಮಯದ ಲೆಕ್ಕವನ್ನೂ ಅವರಿಗೆ ಮೊದಲೇ ಹೇಳಿದೆ. ಅವರ ಮನೆಯ ಫೈಬರ್ ಸಂಪರ್ಕದಲ್ಲಿ ಸ್ಪೀಡ್ ಪರೀಕ್ಷೆ ಮಾಡಿಸಿದಾಗ ಇಳಿಸುವ ವೇಗ 100, ಏರಿಸುವ ವೇಗ 30 ಮೆಗಾಬಿಟ್ ಬಂತು. ಎಲ್ಲರೂ ನೋಡುವುದು ಮೊದಲನೆಯ ಸಂಖ್ಯೆಯನ್ನು, ಇಲ್ಲಿ ಬೇಕಾಗಿರುವುದು ಎರಡನೆಯದು. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 30 ಮೆಗಾಬಿಟ್ ಎಂದರೆ ಸೆಕೆಂಡಿಗೆ ನಾಲ್ಕು ಎಂಬಿಗೂ ಕಡಿಮೆ. ಕ್ಯಾಮೆರಾ ಮಾತ್ರ ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಬರೆದಿದೆ, ಗಂಟೆಗೆ 45 ಜಿಬಿ. ಮೂರು ತಾಸಿಗೆ 135, ಮೂರು ಕ್ಯಾಮೆರಾಕ್ಕೆ 405. ಏನೂ ಅಡ್ಡಿ ಬಾರದಿದ್ದರೂ ಮೂವತ್ತು ಗಂಟೆ ಬೇಕು. ಮಲೆನಾಡಿನ ಕರೆಂಟಿನಲ್ಲಿ ಅಡ್ಡಿ ಬಾರದೇ ಇರುವುದುಂಟೇ? ಅದಕ್ಕೇ ದಿನಕ್ಕೊಂದು ಕಾರ್ಡ್ ಎಂದು ಮಾಡಿಕೊಂಡೆವು. ರಾತ್ರಿ ಊಟವಾದ ಮೇಲೆ ಶುರು, ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಸೆಟ್ಟಿಂಗ್, ಮೋಡೆಮ್‌ಗೆ ಮನೆಯ ಇನ್ವರ್ಟರ್. 122 ಜಿಬಿಯ ದೊಡ್ಡ ಕಾರ್ಡಿಗೆ ಒಂಬತ್ತು ತಾಸು, ಬೆಳಿಗ್ಗೆ ಚಹಾ ಹೊತ್ತಿಗೆ ಮುಗಿಯುವ ಅಂದಾಜು.

ಪರೀಕ್ಷೆಯ ತುಣುಕು ಬಂತು. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದು ನೋಡಿದೆ: 3840×2160, 25 ಫ್ರೇಮ್, ಸೆಕೆಂಡಿಗೆ ಹತ್ತಿರಹತ್ತಿರ 100 ಮೆಗಾಬಿಟ್. ಯಾರೂ ಕೈ ಹಚ್ಚದ ಫೈಲ್. "ಸರಿ ಇದೆ, ಶುರು ಮಾಡಿ" ಎಂದು ಉತ್ತರಿಸಿದೆ.

ಮರುದಿನ ಮಾಸ್ತರರ ಫೋನ್, ಧ್ವನಿಯಲ್ಲಿ ಆತಂಕ. ಮೊದಲ ಕಾರ್ಡಿನ ಗಾತ್ರ ಅವರ ಲ್ಯಾಪ್‌ಟಾಪಿನಲ್ಲಿ 113.6 ಜಿಬಿ ತೋರಿಸುತ್ತಿತ್ತು, ನಾನು 122 ಬಂದಿದೆ ಎಂದು ಬರೆದಿದ್ದೆ. "ಎಂಟು ಜಿಬಿ ಹೆಚ್ಚು ಹೇಗಾಯಿತು?" ಹೆಚ್ಚಾಗಿರಲಿಲ್ಲ. ವಿಂಡೋಸ್ 1024ರ ಲೆಕ್ಕದಲ್ಲಿ ಜಿಬಿ ಎಣಿಸುತ್ತದೆ, ನನ್ನ ಮ್ಯಾಕ್ ಸಾವಿರದ ಲೆಕ್ಕದಲ್ಲಿ. ಆದ್ದರಿಂದ ಜಿಬಿ ನೋಡಬಾರದು, Properties ಕಿಟಕಿಯಲ್ಲಿ ಆವರಣದೊಳಗೆ ಬರೆದಿರುವ ಉದ್ದನೆಯ ಬೈಟ್ ಸಂಖ್ಯೆ ನೋಡಬೇಕು. ಅದು ಎರಡೂ ಕಡೆ ಕೊನೆಯ ಅಂಕಿಯವರೆಗೆ ಒಂದೇ ಇರುತ್ತದೆ. ಅವರ ಫೋಟೋದಲ್ಲಿದ್ದ ಸಂಖ್ಯೆಯನ್ನು ನಾನು ಓದುತ್ತ ಹೋದೆ, ಅವರು ಆ ಕಡೆಯಿಂದ ಹಾಜರಿ ಕರೆದ ಹಾಗೆ ಒಂದೊಂದು ಅಂಕಿಗೂ "ಹೂಂ" ಎಂದರು. ಪೂರ್ತಿ ಹೊಂದಿತು.

ಇಳಿಸಿಕೊಳ್ಳುವಾಗ ನಾನು ಬ್ರೌಸರ್ ಬಳಸುವುದಿಲ್ಲ. ಬ್ರೌಸರಿನಲ್ಲಿ ಫೋಲ್ಡರ್ ಇಳಿಸಿದರೆ ಡ್ರೈವ್ ಅದನ್ನು ಜಿಪ್ ಮಾಡಿ ಹಲವು ಕಂತುಗಳಾಗಿ ಕೊಡುತ್ತದೆ, ದೊಡ್ಡ ಫೈಲ್‌ಗಳು ಬೇರೆಯಾಗಿಯೇ ಬರುತ್ತವೆ. ಅವನ್ನೆಲ್ಲ ಮತ್ತೆ ಆಯಾ ಫೋಲ್ಡರಿಗೆ ಸೇರಿಸುವುದರಲ್ಲಿ ಒಂದು ತಪ್ಪಿದರೂ ಗೊತ್ತಾಗುವುದಿಲ್ಲ. ಆರ್‌ಕ್ಲೋನ್ ಎಂಬ ಉಚಿತ ಸಾಧನ ಫೋಲ್ಡರಿನ ರಚನೆಯನ್ನು ಹಾಗೆಯೇ ಇಟ್ಟು ಇಳಿಸುತ್ತದೆ. ನಡುವೆ ಸಂಪರ್ಕ ಹೋಗಿ ನಿಂತರೆ ಅದೇ ಸಾಲನ್ನು ಇನ್ನೊಮ್ಮೆ ಕೊಟ್ಟರಾಯಿತು, ಆಗಲೇ ಬಂದಿರುವ ಫೈಲ್‌ಗಳನ್ನು ಬಿಟ್ಟು ಉಳಿದದ್ದನ್ನು ತರುತ್ತದೆ. ನಾನು ಕೊಟ್ಟ ಎರಡು ಸಾಲು ಇವು:

```
rclone copy drive:AATA_RAW /Volumes/EDIT1/AATA_RAW --drive-shared-with-me -P
rclone check drive:AATA_RAW /Volumes/EDIT1/AATA_RAW --drive-shared-with-me
```

ಮೊದಲನೆಯದು ಇಳಿಸುತ್ತದೆ. ಎರಡನೆಯದು ಡ್ರೈವ್‌ನಲ್ಲಿರುವ ಪ್ರತಿ ಫೈಲನ್ನೂ ನನ್ನ ಡಿಸ್ಕಿನಲ್ಲಿರುವುದರ ಜೊತೆ ಗಾತ್ರ ಮತ್ತು ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಎಂಡಿ5 ಗುರುತು ಹೋಲಿಸಿ ನೋಡುತ್ತದೆ. ಒಂದು ಬೈಟ್ ವ್ಯತ್ಯಾಸವಿದ್ದರೂ ಹೇಳುತ್ತದೆ. ಕೊನೆಯಲ್ಲಿ `0 differences found` ಎಂದು ಬಂತು.

ಇಲ್ಲಿಗೆ ಎಲ್ಲ ಸರಿ ಎಂದು ನಿಲ್ಲಿಸುವ ಹಾಗಿಲ್ಲ. ಈ ಪರೀಕ್ಷೆ ಹೇಳುವುದು ಡ್ರೈವ್‌ನಲ್ಲಿ ಇದ್ದದ್ದೆಲ್ಲ ನನಗೆ ಬಂದಿದೆ ಎಂದಷ್ಟೇ. ಕಾರ್ಡಿನಲ್ಲಿ ಇದ್ದದ್ದೆಲ್ಲ ಡ್ರೈವ್‌ಗೆ ಹೋಗಿದೆಯೇ ಎನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಬಲ್ಲದ್ದು ಮಾಸ್ತರರು ಕಳಿಸಿದ Properties ಫೋಟೋಗಳು ಮಾತ್ರ. ಒಂದೊಂದಾಗಿ ತಾಳೆ ನೋಡುತ್ತ ಹೋದೆ. B_CARD1 ಹೊಂದಲಿಲ್ಲ. ಕಾರ್ಡಿನಲ್ಲಿ 122, ನನ್ನಲ್ಲಿ 101 ಜಿಬಿ. ಫೈಲ್‌ಗಳ ಎಣಿಕೆಯಲ್ಲಿ ಕೇವಲ ಒಂದು ಕಡಿಮೆ.

ಒಂದು ಫೈಲ್, 21 ಜಿಬಿ. CLIP ಫೋಲ್ಡರ್ ತೆರೆದು ಹೆಸರುಗಳನ್ನು ಓದಿದೆ. C0003.MP4 ಇದೆ, ಅದರ ಜೊತೆಗಾರ C0003M01.XML ಇದೆ. C0004M01.XML ಇದೆ, C0004.MP4 ಇಲ್ಲ. ಪುಟ್ಟ ಫೈಲ್ ಕ್ಷಣದಲ್ಲಿ ಏರಿತ್ತು, ದೊಡ್ಡದು ದಾರಿಯಲ್ಲಿ ನಿಂತಿತ್ತು. XML ಅನ್ನು ತೆರೆದರೆ ಒಳಗೆ ಹೀಗೆ ಬರೆದಿತ್ತು: `<Duration value="42000"/>`. ಅದು ಫ್ರೇಮ್‌ಗಳ ಲೆಕ್ಕ. ಸೆಕೆಂಡಿಗೆ 25 ಫ್ರೇಮ್‌ನಂತೆ 1680 ಸೆಕೆಂಡು, ಅಂದರೆ 28 ನಿಮಿಷ. ನಿಮಿಷಕ್ಕೆ ಮುಕ್ಕಾಲು ಜಿಬಿಯಂತೆ 28 ನಿಮಿಷಕ್ಕೆ 21 ಜಿಬಿ. ಎರಡು ದಾರಿಯಿಂದ ಬಂದ ಲೆಕ್ಕ ಒಂದೇ ಕಡೆ ಕೂಡಿತು. ಹಿಮ್ಮೇಳದ ಕ್ಯಾಮೆರಾದಿಂದ ಭಾಗವತರ 28 ನಿಮಿಷದ ಪದ್ಯಗಳು ಬಂದಿರಲಿಲ್ಲ.

ತಕ್ಷಣ ಫೋನ್ ಮಾಡಿ ಮೊದಲು ಕೇಳಿದ್ದು, ಕಾರ್ಡ್ ಅಳಿಸಿದ್ದಾರೆಯೇ ಎಂದು. ಮಾಸ್ತರರು ಹೇಳಿದರು: "ಕ್ಯಾಮೆರಾದವರು ನಿನ್ನೆ ಬಂದಿದ್ದರು. ನಿಮ್ಮ ಮೇಲ್ ತೋರಿಸಿ, ಬರಹದಲ್ಲಿ ಇದೆ, ಕೊಡುವುದಿಲ್ಲ ಅಂದೆ. ಮದುವೆಗೆ ಬೇರೆ ಕಾರ್ಡ್ ತಗೊಂಡು ಹೋದರು." ಡಿಸ್ಕಿನಲ್ಲೂ ಆ ಫೈಲ್ ಪೂರ್ತಿಯಾಗಿ ಇತ್ತು. ಆ ಕಾರ್ಡ್ ಏರಿಸಿದ ರಾತ್ರಿ ಗಾಳಿ-ಮಳೆಗೆ ಕರೆಂಟು ಮತ್ತೆ ಮತ್ತೆ ಹೋಗಿ, ಸಂಪರ್ಕವೂ ಹೋಗಿ ಬಂದು ಮಾಡಿತ್ತು. ಬೆಳಿಗ್ಗೆ ಡ್ರೈವ್ ಪುಟದ ಮೂಲೆಯ ಚಿಕ್ಕ ಪಟ್ಟಿಯಲ್ಲಿ ಒಂದು ಫೈಲ್ ವಿಫಲವಾಗಿದೆ ಎಂಬ ಸಾಲು ಇದ್ದಿರಬೇಕು. ಉಳಿದೆಲ್ಲಕ್ಕೂ ಹಸಿರು ಗುರುತು ಇದ್ದುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಕಿಟಕಿ ಮುಚ್ಚಿದ ಮೇಲೆ ಆ ಪಟ್ಟಿಯೂ ಇರುವುದಿಲ್ಲ.

ಇಡೀ ಕಾರ್ಡ್ ಮತ್ತೆ ಏರಿಸಬೇಕೇ ಎಂದು ಅವರು ಕೇಳಿದರು. ಬೇಡ ಎಂದೆ. ಯಾವ ಫೈಲ್ ಎಂದು ಹೆಸರು ಸಮೇತ ಗೊತ್ತಿದ್ದರಿಂದ ಅದೊಂದನ್ನೇ B_CARD1 ಒಳಗಿನ CLIP ಫೋಲ್ಡರಿಗೆ ಎಳೆದು ಬಿಡಲು ಹೇಳಿದೆ. ಮಧ್ಯಾಹ್ನ ಹಾಕಿದ್ದು ಸಂಜೆಯೊಳಗೆ ಏರಿತು. ನಾನು ಮೊದಲ ಸಾಲನ್ನೇ ಮತ್ತೆ ಕೊಟ್ಟೆ, ಅದೊಂದು ಫೈಲ್ ಮಾತ್ರ ಇಳಿಯಿತು. ಈ ಸಲ ಆರೂ ಕಾರ್ಡ್‌ಗಳ ಬೈಟ್ ಸಂಖ್ಯೆ ಫೋಟೋಗಳ ಜೊತೆ ಹೊಂದಿತು. ಆ ಮೇಲೆ ಪ್ರತಿ ತುಣುಕನ್ನೂ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು ಮೊದಲು, ನಡು, ಕೊನೆ ಓಡಿಸಿ ನೋಡಿದೆ. ಕಾರ್ಡಿನಿಂದ ಡಿಸ್ಕಿಗೆ ನಕಲು ಮಾಡುವಾಗಲೇ ಕೆಟ್ಟ ಫೈಲ್ ಇದ್ದರೆ ಗಾತ್ರ ಸರಿಯಿದ್ದೂ ಚಿತ್ರ ಮಧ್ಯದಲ್ಲಿ ಕದಡುತ್ತದೆ, ಅದನ್ನು ಕಣ್ಣಿನಿಂದಲೇ ನೋಡಬೇಕು. ಎಲ್ಲವೂ ಓಡಿದವು.

ಈ ಹುಡುಕಾಟ ಇಷ್ಟು ಸುಲಭವಾದದ್ದು ಮೇಲ್‌ನಲ್ಲಿ ಕೇಳಿದ ಎರಡು ಸಣ್ಣ ವಿಷಯಗಳಿಂದ ಎಂದು ನನಗೆ ಖಚಿತವಾಗಿದೆ. PRIVATE ಫೋಲ್ಡರ್ ಇಡಿಯಾಗಿ ಬರದೆ ಬರೀ MP4ಗಳು ಬಂದಿದ್ದರೆ ಕಾಣೆಯಾದದ್ದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. Properties ಫೋಟೋ ಇಲ್ಲದಿದ್ದರೆ ಎಡಿಟಿಂಗ್ ಅರ್ಧ ಮುಗಿದ ಮೇಲೆ, ಹಿಮ್ಮೇಳದ ಸಾಲು ಖಾಲಿ ಕಂಡಾಗ ತಿಳಿಯುತ್ತಿತ್ತು. ಹಿಮ್ಮೇಳದ ಕ್ಯಾಮೆರಾವನ್ನು ಅಷ್ಟು ಹೊತ್ತು ನಿಲ್ಲಿಸಿದ್ದರೇನೋ ಎಂದು ಅಂದುಕೊಂಡು ಮುಂದೆ ಹೋಗುವ ಸಾಧ್ಯತೆಯೂ ಇತ್ತು. ಅಷ್ಟರಲ್ಲಿ ಆ ಕಾರ್ಡಿನ ಮೇಲೆ ಯಾರದೋ ಮದುವೆಯ ಧಾರೆ ಬರೆದಾಗಿರುತ್ತಿತ್ತು.

ಎರಡನೆಯ ಮೇಲ್ ಚಿಕ್ಕದು. "ಎಲ್ಲ ಬಂತು. ನನ್ನಲ್ಲಿ ಎರಡು ಡಿಸ್ಕಿನಲ್ಲಿ ಪ್ರತಿ ಇದೆ. ಇನ್ನು ಕಾರ್ಡ್‌ಗಳನ್ನು ಕೊಟ್ಟುಬಿಡಬಹುದು. ನಿಮ್ಮ ಹಾರ್ಡ್ ಡಿಸ್ಕನ್ನು ವಿಡಿಯೋ ಮುಗಿಯುವವರೆಗೆ ಯಾವುದಕ್ಕೂ ಬಳಸದೆ ಕಪಾಟಿನಲ್ಲಿಡಿ. ಡ್ರೈವ್‌ನಿಂದ AATA_RAW ಅಳಿಸಿ, ಆಮೇಲೆ Bin ಕೂಡ ಖಾಲಿ ಮಾಡಿ. ಅದಾದ ಮೇಲೆ ತಿಂಗಳ ಯೋಜನೆ ರದ್ದು ಮಾಡಿ."

ಅಳಿಸಲು ಹೇಳಿದ್ದು ಹಣ ಉಳಿಸಲು ಮಾತ್ರವಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಮಕ್ಕಳ ದೃಶ್ಯಗಳೂ ಅದರಲ್ಲಿದ್ದವು. ಲಿಂಕ್ ಇದ್ದ ಯಾರು ಬೇಕಾದರೂ ತೆರೆಯಬಹುದಾದ ರೀತಿಯಲ್ಲಿ ಹಂಚದೆ ನನ್ನ ವಿಳಾಸವೊಂದಕ್ಕೇ ಹಂಚಿಸಿಕೊಂಡದ್ದು ಅದಕ್ಕೇ. ಕೆಲಸ ಮುಗಿದ ಮೇಲೆ ಅದು ಅಲ್ಲಿ ಬಿದ್ದಿರುವುದು ಬೇಡ.

ಸಂಜೆ ಮಾಸ್ತರರು ಫೋನ್ ಮಾಡಿ, ಫೋಲ್ಡರ್ ಅಳಿಸಿದರೂ 400 ಜಿಬಿ ಇನ್ನೂ ತುಂಬಿದಂತೆಯೇ ತೋರಿಸುತ್ತಿದೆ ಎಂದರು. Bin ಖಾಲಿ ಮಾಡುವುದು ಬಾಕಿಯಿತ್ತು. ಫೋನಿನಲ್ಲೇ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಸಂಖ್ಯೆ ಇಳಿಯಿತು ಎಂದು ಹೇಳಿ, ಯೋಜನೆ ರದ್ದಾದ ರಸೀದಿಯ ಚಿತ್ರ ಕಳಿಸಿದರು. ನಾನು ರೆಕಾರ್ಡರ್‌ನ ಧ್ವನಿಗೆ ಮೂರೂ ಕ್ಯಾಮೆರಾಗಳನ್ನು ಹೊಂದಿಸಲು ಕೂತೆ.